ಕಾರ್ಲ್ಸ್‌ರುಹೆಯ ತೀರ್ಪು ಕನ್ನಡಕ್ಕೆ ಬರುವಾಗ

2023ರ ನವೆಂಬರ್ 15, ಬುಧವಾರ. ಜರ್ಮನಿಯ ಕಾರ್ಲ್ಸ್‌ರುಹೆ ನಗರದಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯ ಓದಿದ ಒಂದು ತೀರ್ಪು, ಬರ್ಲಿನ್‌ನಲ್ಲಿ ಕುಳಿತಿದ್ದ ಮೂರು ಪಕ್ಷಗಳ ಸರ್ಕಾರದ ಲೆಕ್ಕಾಚಾರವನ್ನೇ ಬುಡಮೇಲು ಮಾಡಿತು. ಹವಾಮಾನ ಯೋಜನೆಗಳಿಗೆಂದು ಸರ್ಕಾರ ನೆಚ್ಚಿಕೊಂಡಿದ್ದ 60 ‘ಮಿಲಿಯಾರ್ಡೆನ್’ ಯೂರೊ ಕೈತಪ್ಪಿತು. ಬಜೆಟ್‌ನ ಆ ತೂತನ್ನು ಮುಚ್ಚುವುದು ಹೇಗೆಂಬ ಜಗಳ ಒಂದು ವರ್ಷ ನಡೆದು, 2024ರ ನವೆಂಬರ್ 6ರಂದು ಮೈತ್ರಿಕೂಟವೇ ಮುರಿದುಬಿತ್ತು. ಜರ್ಮನಿಯ ಈಚಿನ ರಾಜಕೀಯವನ್ನು ಅರಿಯಬೇಕಾದರೆ ಆ ಬುಧವಾರದ ಸುದ್ದಿಯಿಂದಲೇ ಶುರುಮಾಡಬೇಕು.

ಇಂಥ ಸುದ್ದಿಗಳು ಕನ್ನಡ ಓದುಗರಿಗೆ ಬಹುಪಾಲು ಇಂಗ್ಲಿಷಿನ ಮೂಲಕ ತಲುಪುತ್ತವೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರತಂದ ಹರ್ಮನ್ ಮೋಗ್ಲಿಂಗ್ ಜರ್ಮನ್ ಮನೆಮಾತಿನವರು ಎಂಬುದನ್ನು ನೆನೆದರೆ, ಎರಡು ಭಾಷೆಗಳ ನಡುವೆ ನೇರ ದಾರಿ ಇನ್ನೂ ಸವೆದಿಲ್ಲ ಎನ್ನುವುದು ಸ್ವಲ್ಪ ಬೇಸರದ ಸಂಗತಿ. ಜರ್ಮನ್ ಕಲಿತ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಅವರಲ್ಲೊಬ್ಬರು ಆ ದಿನದ ಸುದ್ದಿಯನ್ನು ಜರ್ಮನ್ನಿನಿಂದಲೇ ಕನ್ನಡಕ್ಕೆ ತರಲು ಕುಳಿತರೆ ಏನೇನು ಎದುರಾಗುತ್ತದೆ? ಅದಕ್ಕಾಗಿ ಒಂದೇ ಒಂದು ವಾಕ್ಯವನ್ನು ಹಿಡಿದು ನೋಡಬಹುದು. ಜರ್ಮನ್ ದಿನಪತ್ರಿಕೆಗಳ ಮೊದಲ ಪುಟದ ಧಾಟಿಯಲ್ಲಿ, ಆ ತೀರ್ಪಿನ ಸಂಗತಿಗಳನ್ನೇ ಇಟ್ಟುಕೊಂಡು, ಈ ಲೇಖನಕ್ಕಾಗಿ ಕಟ್ಟಿದ ವಾಕ್ಯವಿದು. ಪದಗಳು ಜರ್ಮನ್ನಿನಲ್ಲಿ ಯಾವ ಸಾಲಿನಲ್ಲಿ ನಿಲ್ಲುತ್ತವೆಯೋ ಅದೇ ಸಾಲಿನಲ್ಲಿ, ಮೂರು ಕ್ರಿಯಾಪದಗಳನ್ನು ಮಾತ್ರ ಜರ್ಮನ್ನಿನಲ್ಲೇ ಉಳಿಸಿ ಕೊಟ್ಟರೆ ಹೀಗಿರುತ್ತದೆ:

‘ಸಂವಿಧಾನ ನ್ಯಾಯಾಲಯವು *ಹಾಟ್* ಬುಧವಾರ, ಆಂಪೆಲ್ ಮೈತ್ರಿಕೂಟ ನಿರ್ಧರಿಸಿದ ವರ್ಗಾವಣೆಯನ್ನು, ಬೇಕಾಗದೆ ಉಳಿದ ಸಾಲದ ಅನುಮತಿಗಳ, 60 ಮಿಲಿಯಾರ್ಡೆನ್ ಯೂರೊ ಮೊತ್ತದ, ಯಾವುವು ಮೂಲತಃ ಕೊರೊನಾ ಪಿಡುಗನ್ನು ಎದುರಿಸಲು ಮೀಸಲಾಗಿದ್ದವೋ, ಹವಾಮಾನ ಮತ್ತು ಪರಿವರ್ತನಾ ನಿಧಿಗೆ, ಅಸಿಂಧುವೆಂದು *ಎರ್ಕ್ಲೇರ್ಟ್*, ಏಕೆಂದರೆ ಶಾಸಕಾಂಗವು ಸಂಕಟಕ್ಕೂ ಸಾಲಗಳಿಗೂ ಇರುವ ಸಂಬಂಧವನ್ನು ಸಾಕಷ್ಟು ವಿವರಿಸದೆ *ಹಾಬೆ*.’

‘ಹಾಟ್’ ಮತ್ತು ‘ಎರ್ಕ್ಲೇರ್ಟ್’ ಎರಡೂ ಸೇರಿದರೆ ‘ಘೋಷಿಸಿದೆ’ ಎಂಬ ಒಂದು ಕ್ರಿಯೆ. ಜರ್ಮನ್ ಅದನ್ನು ಎರಡು ತುಂಡು ಮಾಡಿ, ಒಂದನ್ನು ವಾಕ್ಯದ ಎರಡನೆಯ ಜಾಗದಲ್ಲೂ ಇನ್ನೊಂದನ್ನು ಕೊನೆಯಲ್ಲೂ ನಿಲ್ಲಿಸುತ್ತದೆ. ನಡುವೆ ಮೂವತ್ತಕ್ಕೂ ಹೆಚ್ಚು ಪದಗಳು. ನ್ಯಾಯಾಲಯ ಏನೋ ಮಾಡಿದೆ ಎಂಬುದು ಓದುಗನಿಗೆ ಮೊದಲೇ ಗೊತ್ತಾಗುತ್ತದೆ. ಎತ್ತಿಹಿಡಿಯಿತೋ, ತಳ್ಳಿಹಾಕಿತೋ ಎಂಬುದಕ್ಕೆ ಎರಡನೆಯ ತುಂಡು ಬರುವವರೆಗೆ ಕಾಯಬೇಕು.

ಇಂಗ್ಲಿಷಿಗೆ ಅನುವಾದಿಸುವವರು ಇಲ್ಲಿ ತಲೆ ಚಚ್ಚಿಕೊಳ್ಳುತ್ತಾರೆ. ಕನ್ನಡಿಗರಿಗೆ ಆ ಕಷ್ಟ ಅಷ್ಟಿಲ್ಲ, ಏಕೆಂದರೆ ಕ್ರಿಯಾಪದಕ್ಕಾಗಿ ಕಾಯುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ. ಅದಕ್ಕಿಂತ ಸ್ವಾರಸ್ಯದ ಹೊಂದಿಕೆ ಇನ್ನೊಂದಿದೆ. ‘ಆಂಪೆಲ್ ಮೈತ್ರಿಕೂಟ ನಿರ್ಧರಿಸಿದ ವರ್ಗಾವಣೆ’ ಎಂಬ ತುಂಡನ್ನು ನೋಡಿ. ಜರ್ಮನ್ನಿನಲ್ಲೂ ಅದು ಹಾಗೆಯೇ ಇದೆ: ಮಾಡಿದವರು ಮೊದಲು, ಮಾಡಿದ ಕೆಲಸ ಆಮೇಲೆ, ಅದು ಯಾವುದಕ್ಕೆ ಸಂಬಂಧಿಸಿದ್ದೋ ಆ ನಾಮಪದ ಕೊನೆಗೆ. ಕನ್ನಡ ವ್ಯಾಕರಣದಲ್ಲಿ ಇದು ಕೃದಂತ ವಿಶೇಷಣ. ‘ನಿನ್ನೆ ಸಂತೆಯಲ್ಲಿ ಕೊಂಡ ಎತ್ತು’ ಎಂದು ಹಳ್ಳಿಯ ಮಗುವೂ ಆಡುವ ರಚನೆ. ಜರ್ಮನ್ನಿನಲ್ಲಿ ಇದು ಆಡುಮಾತಿನಲ್ಲಿ ಅಪರೂಪ, ಪತ್ರಿಕೆ ಮತ್ತು ಕಚೇರಿಗಳ ಬರವಣಿಗೆಯಲ್ಲಿ ಧಾರಾಳ. ಜರ್ಮನ್ ಕಲಿಯುವ ಯುರೋಪಿನ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಹೆಣಗುವ ಈ ರಚನೆ ಕನ್ನಡದ ವಿದ್ಯಾರ್ಥಿಗೆ ಒಂದೇ ಪಾಠದಲ್ಲಿ ದಕ್ಕುತ್ತದೆ.

ದಕ್ಕುವುದರಿಂದಲೇ ಎಡವಟ್ಟು ಶುರುವಾಗುತ್ತದೆ. ರಚನೆ ಹೊಂದುತ್ತದೆಯಲ್ಲ ಎಂಬ ಧೈರ್ಯದಲ್ಲಿ ಅನುವಾದಕ ಇಡೀ ವಾಕ್ಯವನ್ನು ಒಂದೇ ವಾಕ್ಯವಾಗಿ ಇಳಿಸಿಬಿಡುತ್ತಾನೆ:

‘ಕೊರೊನಾ ಪಿಡುಗನ್ನು ಎದುರಿಸಲೆಂದು ಮೂಲತಃ ಮೀಸಲಿಟ್ಟಿದ್ದ, ಆದರೆ ಬೇಕಾಗದೆ ಉಳಿದ 6,000 ಕೋಟಿ ಯೂರೊ ಮೊತ್ತದ ಸಾಲದ ಅನುಮತಿಗಳನ್ನು ಹವಾಮಾನ ಮತ್ತು ಪರಿವರ್ತನಾ ನಿಧಿಗೆ ವರ್ಗಾಯಿಸಲು ಆಂಪೆಲ್ ಮೈತ್ರಿಕೂಟ ಕೈಗೊಂಡಿದ್ದ ನಿರ್ಧಾರವನ್ನು, ಸಂಕಟಕ್ಕೂ ಸಾಲಗಳಿಗೂ ಇರುವ ಸಂಬಂಧವನ್ನು ಶಾಸಕಾಂಗ ಸಾಕಷ್ಟು ವಿವರಿಸಿಲ್ಲವೆಂಬ ಕಾರಣಕ್ಕಾಗಿ, ಸಂವಿಧಾನ ನ್ಯಾಯಾಲಯ ಬುಧವಾರ ಅಸಿಂಧುವೆಂದು ಘೋಷಿಸಿದೆ.’

ವ್ಯಾಕರಣದಲ್ಲಿ ಕುಂದಿಲ್ಲ. ಓದಲು ಮಾತ್ರ ಆಗುವುದಿಲ್ಲ. ಕಾರಣ ಸ್ಪಷ್ಟವಾಗಿದೆ. ಜರ್ಮನ್ ವಾಕ್ಯ ಮೊದಲ ಎರಡು ಪದಗಳಲ್ಲೇ ಕರ್ತೃವನ್ನೂ ಅರ್ಧ ಕ್ರಿಯೆಯನ್ನೂ ಕೊಟ್ಟು ಓದುಗನಿಗೆ ಹಿಡಿದುಕೊಳ್ಳಲು ಒಂದು ಗೂಟ ನೆಟ್ಟಿರುತ್ತದೆ. ‘ಯಾವುವು ಮೀಸಲಾಗಿದ್ದವೋ’ ಎಂಬಂಥ ಉಪವಾಕ್ಯವನ್ನು ನಾಮಪದದ ಹಿಂದೆ ಇಟ್ಟು, ಮೊದಲು ವಸ್ತುವನ್ನು ಹೆಸರಿಸಿ ಆಮೇಲೆ ಅದರ ಇತಿಹಾಸ ಹೇಳುತ್ತದೆ. ಕನ್ನಡದಲ್ಲಿ ಎಲ್ಲ ವಿಶೇಷಣಗಳೂ ನಾಮಪದಕ್ಕಿಂತ ಮುಂಚೆಯೇ ಬರಬೇಕು. ಹಾಗಾಗಿ ಕರ್ತೃವಾದ ನ್ಯಾಯಾಲಯ ವಾಕ್ಯದ ಬಾಲಕ್ಕೆ ಹೋಯಿತು. ಕೊರೊನಾ, ಮೊತ್ತ, ನಿಧಿ, ಮೈತ್ರಿಕೂಟ ಎಲ್ಲವೂ ಯಾರ ಯಾವ ಕ್ರಿಯೆಗೆ ಸೇರಿದವೆಂದು ತಿಳಿಯದೆ ತಲೆಯಲ್ಲಿ ಜೋತಾಡುತ್ತವೆ. ‘ನ್ಯಾಯಾಲಯ’ವನ್ನು ಎತ್ತಿ ಮೊದಲಿಗಿಟ್ಟರೆ ಕರ್ತೃವಿಗೂ ಕ್ರಿಯೆಗೂ ನಡುವೆ ಮೂವತ್ತಕ್ಕೂ ಹೆಚ್ಚು ಪದಗಳ ಕಂದಕ ಬೀಳುತ್ತದೆ.

ವಾಕ್ಯವನ್ನು ಒಡೆಯಲೇಬೇಕು. ಎಲ್ಲಿ ಒಡೆಯಬೇಕೆಂಬುದು ಅಲ್ಪವಿರಾಮಗಳನ್ನು ನೋಡಿ ತೀರ್ಮಾನವಾಗುವ ವಿಷಯವಲ್ಲ. ಅನುಭವಿಗಳು ಮೊದಲು ಕ್ರಿಯೆಗಳನ್ನು ಎಣಿಸುತ್ತಾರೆ. ಈ ವಾಕ್ಯದಲ್ಲಿ ಐದಿವೆ: ಸಾಲದ ಅನುಮತಿಯನ್ನು ಕೊರೊನಾಕ್ಕೆಂದು ಮೀಸಲಿಟ್ಟದ್ದು, ಅದು ಬೇಕಾಗದೆ ಉಳಿದದ್ದು, ಮೈತ್ರಿಕೂಟ ವರ್ಗಾವಣೆಗೆ ನಿರ್ಧರಿಸಿದ್ದು, ಸಂಬಂಧವನ್ನು ವಿವರಿಸದೆ ಹೋದದ್ದು, ನ್ಯಾಯಾಲಯ ಅಸಿಂಧುಗೊಳಿಸಿದ್ದು. ಕಾಲಕ್ರಮದಲ್ಲಿ ಕೊನೆಯದಾದ ತೀರ್ಪು ಸುದ್ದಿಯಲ್ಲಿ ಮೊದಲನೆಯದು. ಅದಕ್ಕೆ ಮೊದಲ ವಾಕ್ಯ ಸಲ್ಲಬೇಕು. ಉಳಿದ ನಾಲ್ಕನ್ನು ನಡೆದ ಕ್ರಮದಲ್ಲೇ ಹೇಳಿದರೆ ಕನ್ನಡದ ಓದುಗನಿಗೆ ಕಥೆ ಸಲೀಸಾಗಿ ಸಾಗುತ್ತದೆ. ಒಡೆದ ಮೇಲೆ ಒಂದು ಪರೀಕ್ಷೆ ಮಾಡಿಕೊಳ್ಳಬೇಕು. ಮೂಲದಲ್ಲಿ ‘ಏಕೆಂದರೆ’, ‘ಮೂಲತಃ’ ಎಂಬ ಕೊಂಡಿಗಳಿದ್ದವಲ್ಲ, ಅವು ಬಿಡಿ ವಾಕ್ಯಗಳ ನಡುವೆ ಎಲ್ಲಾದರೂ ಉದುರಿಹೋದವೇ? ಇಲ್ಲಿ ‘ಮೂಲತಃ’ ಎಂಬ ಒಂದೇ ಪದ ಬಿಟ್ಟುಹೋದರೂ ಸುದ್ದಿಯ ತಿರುಳೇ ಹೋಗುತ್ತದೆ. ಒಂದು ಉದ್ದೇಶಕ್ಕೆ ಕೊಟ್ಟದ್ದನ್ನು ಇನ್ನೊಂದಕ್ಕೆ ತಿರುಗಿಸಿದ್ದೇ ಆಕ್ಷೇಪದ ಬೇರು.

ವಾಕ್ಯದ ತುದಿಯಲ್ಲಿ ‘ಹಾಬೆ’ ಎಂಬ ಪುಟ್ಟ ಪದವಿದೆ. ಅವಸರದ ಅನುವಾದಕರು ಅದನ್ನು ‘ಹಾಟ್’ ಎಂದೇ ಓದಿಕೊಂಡು ಮುಂದೆ ಹೋಗುತ್ತಾರೆ. ಎರಡೂ ‘ಇದೆ’ ಎನ್ನುವ ಒಂದೇ ಧಾತುವಿನ ರೂಪಗಳು. ‘ಹಾಟ್’ ಎಂದರೆ ಪತ್ರಿಕೆಯೇ ಖಚಿತವಾಗಿ ಹೇಳುತ್ತಿದೆ. ‘ಹಾಬೆ’ ಎಂದರೆ ಬೇರೆಯವರ ಮಾತನ್ನು ಪತ್ರಿಕೆ ವರದಿ ಮಾಡುತ್ತಿದೆ, ಅದರ ಸತ್ಯಾಸತ್ಯತೆಗೆ ತಾನು ಹೊಣೆಯಲ್ಲ. ಶಾಸಕಾಂಗ ಸಂಬಂಧವನ್ನು ಸರಿಯಾಗಿ ವಿವರಿಸಿಲ್ಲ ಎಂಬುದು ನ್ಯಾಯಾಲಯದ ಅಭಿಪ್ರಾಯ, ಪತ್ರಿಕೆಯದಲ್ಲ. ಈ ಒಂದು ಸ್ವರದ ವ್ಯತ್ಯಾಸದ ಮೇಲೆ ಜರ್ಮನ್ ಪತ್ರಿಕೋದ್ಯಮ ತನ್ನ ತಟಸ್ಥತೆಯನ್ನು ಕಾಪಾಡಿಕೊಂಡು ಬಂದಿದೆ.

ಕನ್ನಡಕ್ಕೆ ಇದು ನಿಜವಾದ ಸವಾಲು. ಜರ್ಮನ್ ವರದಿಗಾರ ‘ಸಚಿವರು ಹೇಳಿದರು’ ಎಂದು ಒಮ್ಮೆ ಬರೆದು, ಮುಂದಿನ ನಾಲ್ಕೈದು ವಾಕ್ಯಗಳನ್ನು ಈ ರೂಪದಲ್ಲೇ ನಡೆಸಬಲ್ಲ. ಪ್ರತಿ ಕ್ರಿಯಾಪದವೂ ‘ಇದು ಅವರ ಮಾತು’ ಎಂದು ನೆನಪಿಸುತ್ತಿರುತ್ತದೆ. ಕನ್ನಡದಲ್ಲಿ ಅದೇ ನಾಲ್ಕೈದು ವಾಕ್ಯಗಳನ್ನು ಹಾಗೇ ಬರೆದರೆ ಎರಡನೆಯ ವಾಕ್ಯದಿಂದ ಪತ್ರಿಕೆಯೇ ಮಾತಾಡಿದಂತಾಗುತ್ತದೆ. ನಮ್ಮ ಆಡುಮಾತಿಗೆ ‘ಅಂತೆ’ ಇದೆ. ‘ಸಂಬಂಧ ವಿವರಿಸಿಲ್ಲವಂತೆ’ ಎಂದರೆ ಅರ್ಥ ಕೂದಲೆಳೆಯಷ್ಟೂ ತಪ್ಪದೆ ಬರುತ್ತದೆ. ಆದರೆ ನ್ಯಾಯಾಲಯದ ಸುದ್ದಿಗೆ ಕಟ್ಟೆಪುರಾಣದ ಬಣ್ಣ ಬಂದುಬಿಡುತ್ತದೆ. ಆದ್ದರಿಂದ ‘ಎಂದು ನ್ಯಾಯಾಲಯ ಹೇಳಿದೆ’, ‘ನ್ಯಾಯಪೀಠದ ಪ್ರಕಾರ’, ‘ಎಂಬುದು ತೀರ್ಪಿನ ಆಧಾರ’ ಎಂದು ಬದಲಿಸುತ್ತ, ಹೆಚ್ಚುಕಡಿಮೆ ಪ್ರತಿ ವಾಕ್ಯದಲ್ಲೂ ಮಾತಿನ ಒಡೆಯರನ್ನು ತೋರಿಸಬೇಕಾಗುತ್ತದೆ. ಪುನರುಕ್ತಿ ಎನಿಸಿದರೂ ಬಿಡುವಂತಿಲ್ಲ.

ಇದರ ಸೋದರ ‘ಜೋಲ್’ ಎಂಬ ಪದ ಇನ್ನೂ ಅಪಾಯಕಾರಿ. ಶಬ್ದಕೋಶದಲ್ಲಿ ಮೊದಲು ಸಿಗುವ ಅರ್ಥ ‘ಮಾಡಬೇಕು’. ಅಪರಾಧ ಸುದ್ದಿಯಲ್ಲಿ ಅದು ಬಂದರೆ ಅರ್ಥ ಬೇರೆ. ‘ಆತ ನೆರೆಮನೆಯಾಕೆಗೆ ಬೆದರಿಕೆ ಹಾಕಿರುವುದು’ ಎಂಬ ಭೂತಕಾಲದ ರೂಪದ ಜೊತೆ ‘ಜೋಲ್’ ಸೇರಿದರೆ ‘ಬೆದರಿಕೆ ಹಾಕಿದ್ದಾನೆ ಎನ್ನಲಾಗಿದೆ’ ಎಂದರ್ಥ. ‘ಹಾಕಬೇಕಿತ್ತು’ ಎಂದು ಬರೆದರೆ ಅನರ್ಥ, ‘ಹಾಕಿದ್ದಾನೆ’ ಎಂದಷ್ಟೇ ಬರೆದರೆ ಆರೋಪಿಯನ್ನು ಪತ್ರಿಕೆಯೇ ಅಪರಾಧಿ ಮಾಡಿದಂತೆ. ಅದೇ ‘ಜೋಲ್’ ವರ್ತಮಾನದ ರೂಪದ ಜೊತೆ ಬಂದರೆ ಸಾಮಾನ್ಯವಾಗಿ ಯೋಜನೆಯ ಸೂಚನೆ: ‘ಕಾನೂನು ಜನವರಿಯಲ್ಲಿ ಜಾರಿಗೆ ಬರಲಿದೆ’. ಯಾವುದು ಗಾಳಿಮಾತು, ಯಾವುದು ಸಂಕಲ್ಪ ಎಂಬುದನ್ನು ಅದರ ಪಕ್ಕದ ಕ್ರಿಯಾಪದವೇ ಹೇಳುತ್ತದೆ.

ಇನ್ನು ಜರ್ಮನ್ನಿನ ಹೆಸರುವಾಸಿ ಸಮಾಸಗಳು. ಮೂಲ ವಾಕ್ಯದಲ್ಲಿ ನ್ಯಾಯಾಲಯದ ಹೆಸರು ‘ಬುಂಡೆಸ್‌ಫೆರ್‌ಫಾಸುಂಗ್ಸ್‌ಗೆರಿಖ್ಟ್’. ಉದ್ದ ನೋಡಿ ಹೆದರಬೇಕಿಲ್ಲ. ಜರ್ಮನ್ ಸಮಾಸದಲ್ಲಿ ಯಜಮಾನ ಕೊನೆಯ ಪದ, ನಮ್ಮ ತತ್ಪುರುಷ ಸಮಾಸದಲ್ಲಿ ಇರುವಂತೆಯೇ. ಬಲಗಡೆಯಿಂದ ಬಿಡಿಸಿದರೆ ‘ಗೆರಿಖ್ಟ್’ ನ್ಯಾಯಾಲಯ, ‘ಫೆರ್‌ಫಾಸುಂಗ್’ ಸಂವಿಧಾನ, ‘ಬುಂಡ್’ ಒಕ್ಕೂಟ. ನಡುವೆ ಸುಳಿಯುವ ‘ಸ್’ ಕಾರಕ್ಕೆ ಅರ್ಥವಿಲ್ಲ, ಅದು ಬರೀ ಬೆಸುಗೆ. ಒಕ್ಕೂಟ ಸಂವಿಧಾನ ನ್ಯಾಯಾಲಯ ಎಂದರಾಯಿತು.

ಇಲ್ಲಿ ಬಹಳ ಮಂದಿ ‘ಸುಪ್ರೀಂ ಕೋರ್ಟ್’ ಎಂದು ಬರೆದುಬಿಡುತ್ತಾರೆ, ಓದುಗರಿಗೆ ಬೇಗ ತಿಳಿಯಲಿ ಎಂದು. ಅದು ಒಳ್ಳೆಯ ಉದ್ದೇಶದ ತಪ್ಪು. ಭಾರತದಲ್ಲಿ ಕೊಲೆ ಮೊಕದ್ದಮೆಯ ಕೊನೆಯ ಮೇಲ್ಮನವಿಯನ್ನೂ ಕಾನೂನೊಂದರ ಸಾಂವಿಧಾನಿಕತೆಯನ್ನೂ ಒಂದೇ ನ್ಯಾಯಾಲಯ ನೋಡುತ್ತದೆ. ಜರ್ಮನಿಯಲ್ಲಿ ಸಿವಿಲ್ ಮತ್ತು ಕ್ರಿಮಿನಲ್ ಮೊಕದ್ದಮೆಗಳ ಕೊನೆಯ ಮೆಟ್ಟಿಲು ‘ಬುಂಡೆಸ್‌ಗೆರಿಖ್ಟ್ಸ್‌ಹೋಫ್’ ಎಂಬ ಬೇರೊಂದು ನ್ಯಾಯಾಲಯ. ಮೊದಲನೆಯದಕ್ಕೆ ಸುಪ್ರೀಂ ಕೋರ್ಟ್ ಎಂಬ ಹೆಸರು ಕೊಟ್ಟುಬಿಟ್ಟರೆ ಎರಡನೆಯದರ ಸುದ್ದಿ ಬಂದಾಗ ಪದವೇ ಉಳಿದಿರುವುದಿಲ್ಲ. ಎರಡೂ ಕಾರ್ಲ್ಸ್‌ರುಹೆಯಲ್ಲೇ ಇವೆ ಎಂಬುದು ಗೊಂದಲಕ್ಕೆ ಇನ್ನಷ್ಟು ಇಂಬು ಕೊಡುತ್ತದೆ. ಜರ್ಮನ್ ಪತ್ರಿಕೆಗಳ ಶೀರ್ಷಿಕೆಯಲ್ಲಿ ‘ಕಾರ್ಲ್ಸ್‌ರುಹೆ ಹೇಳಿತು’ ಎಂದಿದ್ದರೆ ಹೇಳಿದ್ದು ಊರಲ್ಲ, ನ್ಯಾಯಾಲಯ. ಎರಡರಲ್ಲಿ ಯಾವುದೆಂದು ಸುದ್ದಿಯ ಒಳಗೆ ಹುಡುಕಿ ನೋಡಿಯೇ ಬರೆಯಬೇಕು.

ಈ ಸುದ್ದಿಯ ಜೀವ ಅಡಗಿರುವುದು ‘ಕ್ರೆಡಿಟ್‌ಎರ್ಮೆಖ್ಟಿಗುಂಗ್’ ಎಂಬ ಸಮಾಸದಲ್ಲಿ. ‘ಕ್ರೆಡಿಟ್’ ಸಾಲ, ‘ಎರ್ಮೆಖ್ಟಿಗುಂಗ್’ ಅಧಿಕಾರ ಕೊಡುವಿಕೆ. ಇಂಗ್ಲಿಷ್ ವರದಿಗಳಲ್ಲಿ ಇದು ಎಷ್ಟೋ ಕಡೆ ‘ಬಳಕೆಯಾಗದ ಕೊರೊನಾ ನಿಧಿ’ ಎಂದಾಗಿತ್ತು. ಹಾಗೆಂದರೆ ಖಜಾನೆಯಲ್ಲಿ ಹಣ ಕೂತಿತ್ತು, ಅದನ್ನು ಬೇರೆ ಪೆಟ್ಟಿಗೆಗೆ ಹಾಕಿದರು, ಅದರಲ್ಲೇನು ಮಹಾ ತಪ್ಪು ಎನಿಸುತ್ತದೆ. ನಿಜದಲ್ಲಿ ಹಣ ಇರಲೇ ಇಲ್ಲ. ಇದ್ದದ್ದು ಸಾಲ ಎತ್ತಲು ಸಂಸತ್ತು ಕೊಟ್ಟ ಅನುಮತಿ. ರೈತರೊಬ್ಬರಿಗೆ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ಬ್ಯಾಂಕು ಬೆಳೆಗೆಂದು ಮೂರು ಲಕ್ಷದ ಮಿತಿ ಮಂಜೂರು ಮಾಡಿದ ಹಾಗೆ ಅದು. ತೆಗೆಯುವವರೆಗೆ ಅದು ದುಡ್ಡಲ್ಲ. ತೆಗೆಯದೆ ಉಳಿದ ಮಿತಿ ‘ಉಳಿತಾಯ’ವೂ ಅಲ್ಲ. ಬೆಳೆಗೆ ಬೇಕಾಗಲಿಲ್ಲವೆಂದು ಮುಂದಿನ ವರ್ಷಗಳಲ್ಲಿ ಮನೆ ಕಟ್ಟಲು ಆ ಮಿತಿಯಿಂದ ಸಾಲ ತೆಗೆಯುತ್ತೇನೆ ಎಂದರೆ ಬ್ಯಾಂಕಿನವರು ಒಪ್ಪುತ್ತಾರೆಯೇ? ಸಂವಿಧಾನ ನ್ಯಾಯಾಲಯವೂ ಒಪ್ಪಲಿಲ್ಲ. ‘ಸಾಲದ ಅನುಮತಿ’ ಎಂದು ಎರಡೇ ಪದಗಳಲ್ಲಿ ಬರೆದರೆ ಕನ್ನಡದ ಓದುಗನಿಗೆ ಇಂಗ್ಲಿಷಿನ ಎಷ್ಟೋ ಓದುಗರಿಗಿಂತ ಸರಿಯಾದ ಸುದ್ದಿ ಸಿಗುತ್ತದೆ.

ಅದೇಕೆ ಅನುಮತಿ ಬೇಕಿತ್ತು? ‘ಶುಲ್ಡನ್‌ಬ್ರೆಮ್ಸೆ’ ಎಂಬ ನಿಯಮದಿಂದಾಗಿ. ‘ಶುಲ್ಡನ್’ ಸಾಲಗಳು, ‘ಬ್ರೆಮ್ಸೆ’ ಬ್ರೇಕ್. 2009ರಲ್ಲಿ ಜರ್ಮನ್ ಸಂವಿಧಾನದ 109 ಮತ್ತು 115ನೇ ವಿಧಿಗಳಲ್ಲಿ ಸೇರಿದ ಈ ನಿಯಮದಂತೆ ಒಕ್ಕೂಟ ಸರ್ಕಾರ ಆರ್ಥಿಕತೆಯ ಏರಿಳಿತಗಳನ್ನು ಕಳೆದು ನೋಡಿದಾಗ ದೇಶದ ಒಟ್ಟು ಉತ್ಪನ್ನದ 0.35 ಶೇಕಡಾಕ್ಕಿಂತ ಹೆಚ್ಚು ಹೊಸ ಸಾಲ ಮಾಡುವಂತಿಲ್ಲ. ಅಸಾಧಾರಣ ಸಂಕಟದ ಕಾಲದಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು ಮಿತಿ ಮೀರಬಹುದು. ಕೊರೊನಾ ಕಾಲದಲ್ಲಿ ಆದದ್ದು ಅದೇ.

ಇದಕ್ಕೆ ಕನ್ನಡದ ಹೆಸರು ಹುಡುಕುವಾಗ ನಮ್ಮ ವ್ಯಾಕರಣದ ಒಂದು ಹಳೆಯ ನಿಷೇಧ ಅಡ್ಡ ಬರುತ್ತದೆ. ಜರ್ಮನ್ ಯಾವ ಎರಡು ನಾಮಪದಗಳನ್ನಾದರೂ ಅಂಟಿಸುತ್ತದೆ. ಕನ್ನಡದಲ್ಲಿ ‘ಸಾಲ’ ಎಂಬ ಅಚ್ಚಗನ್ನಡ ಪದಕ್ಕೆ ‘ನಿಯಂತ್ರಣ’ ಎಂಬ ಸಂಸ್ಕೃತ ಪದವನ್ನು ಅಂಟಿಸಿ ‘ಸಾಲನಿಯಂತ್ರಣ’ ಎಂದರೆ ಅದು ಅರಿಸಮಾಸ, ಹೊಂದದ ಜೋಡಿ. ಇಂದಿನ ಪತ್ರಿಕೆಗಳು ಈ ನಿಯಮವನ್ನು ಲೆಕ್ಕಿಸುವುದಿಲ್ಲವಾದರೂ ಕಿವಿ ಈಗಲೂ ಲೆಕ್ಕಿಸುತ್ತದೆ. ‘ಋಣನಿಯಂತ್ರಣ’ ಎಂದರೆ ವ್ಯಾಕರಣ ಒಪ್ಪುತ್ತದೆ, ಆದರೆ ‘ಋಣ’ ಎಂದೊಡನೆ ಕನ್ನಡಿಗರ ಮನಸ್ಸು ತಾಯಿಯ ಋಣ, ಅನ್ನದ ಋಣದ ಕಡೆಗೆ ಹರಿಯುತ್ತದೆ. ಷಷ್ಠಿ ವಿಭಕ್ತಿಯಿಂದ ಸಡಿಲವಾಗಿ ಕಟ್ಟಿದ ‘ಸಾಲದ ಕಡಿವಾಣ’ ಈ ಎರಡಕ್ಕಿಂತ ಮೇಲು. ಕುದುರೆಯನ್ನು ಓಡಗೊಡದೆ ಹಿಡಿಯುವ ಸಾಧನದ ಹೆಸರು ಬ್ರೇಕಿನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

ಕರ್ನಾಟಕದ ಓದುಗರಿಗೆ ಇದನ್ನು ವಿವರಿಸಲು ಹತ್ತಿರದ ಆಸರೆಯೂ ಇದೆ. ಸರ್ಕಾರದ ಸಾಲ ಮತ್ತು ಕೊರತೆಗೆ ಮಿತಿ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದ ರಾಜ್ಯಗಳಲ್ಲಿ ಮೊದಲು ತಂದದ್ದು ಕರ್ನಾಟಕ, 2002ರಲ್ಲಿ. ಹಾಗಾದರೆ ಇದೂ ಅದೇ ಎಂದುಬಿಡಬಹುದೇ? ಕೂಡದು. ನಮ್ಮದು ಶಾಸನಸಭೆ ಸಾಮಾನ್ಯ ಬಹುಮತದಿಂದ ತಿದ್ದಬಲ್ಲ ಕಾಯ್ದೆ. ಅವರದು ಸಂವಿಧಾನದ ವಿಧಿ, ಬದಲಿಸಲು ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ ಬೇಕು. ಈ ವ್ಯತ್ಯಾಸವನ್ನು ಒಂದು ಸಾಲಿನಲ್ಲಿ ಹೇಳದಿದ್ದರೆ, ಅಷ್ಟು ತೊಂದರೆ ಕೊಟ್ಟ ನಿಯಮವನ್ನು ಸರ್ಕಾರ ತಿದ್ದಬಾರದಿತ್ತೇ ಎಂದು ಓದುಗ ಕೇಳುತ್ತಾನೆ. ಆ ಪ್ರಶ್ನೆಯಲ್ಲಿ ಅವನ ತಪ್ಪೇನೂ ಇಲ್ಲ.

‘ಸಂಕಟ’ ಎಂದು ಇಲ್ಲಿ ಬರೆದ ಪದ ಮೂಲದಲ್ಲಿ ‘ನೋಟ್‌ಲಾಗೆ’. ಶಬ್ದಕೋಶದ ಹಾದಿ ಹಿಡಿದರೆ ‘ತುರ್ತು ಪರಿಸ್ಥಿತಿ’ ಸಿಗುತ್ತದೆ. ಭಾರತದಲ್ಲಿ ಆ ಎರಡು ಪದಗಳಿಗೆ 1975ರ ಜೂನ್ ಅಂಟಿಕೊಂಡಿದೆ. ನಾಗರಿಕ ಹಕ್ಕುಗಳು ಅಮಾನತಾದ, ಪತ್ರಿಕೆಗಳ ಬಾಯಿ ಕಟ್ಟಿದ ಆ ಕಾಲದ ನೆರಳು ಜರ್ಮನಿಯ ಬಜೆಟ್ ಸುದ್ದಿಯ ಮೇಲೆ ಬೀಳಬೇಕಾದ ಕಾರಣವಿಲ್ಲ. ‘ಅಸಾಧಾರಣ ಸಂಕಟ’ ಎಂದರೆ ಸಾಕು.

ಸಂಖ್ಯೆಗಳ ಬಗ್ಗೆ ನಾಲ್ಕು ಮಾತು. ‘ಮಿಲಿಯಾರ್ಡೆ’ ಎಂದರೆ ನೂರು ಕೋಟಿ, ಆದ್ದರಿಂದ 60 ಮಿಲಿಯಾರ್ಡೆನ್ ಎಂದರೆ 6,000 ಕೋಟಿ. ಜರ್ಮನ್ನಿನಲ್ಲಿ ‘ಬಿಲಿಯೋನ್’ ಎಂಬ ಪದವೂ ಇದೆ. ಅದು ಇಂಗ್ಲಿಷಿನ ಬಿಲಿಯನ್ ಅಲ್ಲ, ಅದರ ಸಾವಿರ ಪಟ್ಟು, ಅಂದರೆ ಒಂದು ಲಕ್ಷ ಕೋಟಿ. ಇಂಗ್ಲಿಷ್ ಬಲ್ಲ ಕಣ್ಣಿಗೆ ಇದರಷ್ಟು ಸುಲಭವಾಗಿ ಮೋಸ ಮಾಡುವ ಪದ ಇನ್ನೊಂದಿಲ್ಲ. ಬಿಂದು ಮತ್ತು ಅಲ್ಪವಿರಾಮಗಳೂ ಅದಲುಬದಲು: ಅವರು 0,35 ಎಂದು ಬರೆದರೆ ನಮ್ಮ 0.35, ಅವರು 60.000 ಎಂದು ಬರೆದರೆ ನಮ್ಮ ಅರವತ್ತು ಸಾವಿರ.

‘ಆಂಪೆಲ್’ ಎಂದರೆ ರಸ್ತೆಯ ಸಿಗ್ನಲ್ ದೀಪ. ಜರ್ಮನ್ ಪಕ್ಷಗಳಿಗೆ ಬಣ್ಣದ ಗುರುತುಗಳಿವೆ. ಸೋಷಿಯಲ್ ಡೆಮಾಕ್ರಾಟರದು ಕೆಂಪು, ಉದಾರವಾದಿ ಎಫ್‌ಡಿಪಿಯದು ಹಳದಿ, ಗ್ರೀನ್ ಪಕ್ಷದ್ದು ಹೆಸರೇ ಹೇಳುವಂತೆ ಹಸಿರು. ಮೂರೂ ಸೇರಿದ ಮೈತ್ರಿಗೆ ಆ ಹೆಸರು ಬಿತ್ತು. ಕರ್ನಾಟಕದಲ್ಲಿ ಹಸಿರು ಎಂದರೆ ರೈತಸಂಘದ ಶಾಲು. ಕೆಂಪು ಹಳದಿ ಜೊತೆಯಾದರೆ ನಾಡಧ್ವಜ. ಈ ಅಡ್ಡಹೆಸರನ್ನು ಶೀರ್ಷಿಕೆಯಲ್ಲಿಟ್ಟು ವಿವರಿಸುತ್ತ ಕೂರುವ ಬದಲು, ಮೊದಲ ಸಲ ‘ಮೂರು ಪಕ್ಷಗಳ ಮೈತ್ರಿ ಸರ್ಕಾರ’ ಎಂದು ಬರೆದು, ಲೇಖನದ ಒಡಲಲ್ಲಿ ಜಾಗವಿದ್ದರೆ ಬಣ್ಣದ ಕಥೆ ಹೇಳುವುದು ಲೇಸು.

ಇಷ್ಟೆಲ್ಲ ಆದ ಮೇಲೆ ಆ ಒಂದು ವಾಕ್ಯ ಕನ್ನಡದಲ್ಲಿ ಹೀಗೆ ನಿಲ್ಲಬಹುದು:

‘ಕೊರೊನಾ ಪಿಡುಗಿಗೆಂದು ಮಂಜೂರಾಗಿದ್ದ ಸಾಲದ ಅನುಮತಿಯನ್ನು ಹವಾಮಾನ ಯೋಜನೆಗಳಿಗೆ ತಿರುಗಿಸಿದ ಜರ್ಮನ್ ಸರ್ಕಾರದ ಕ್ರಮ ಅಸಿಂಧು ಎಂದು ಆ ದೇಶದ ಸಂವಿಧಾನ ನ್ಯಾಯಾಲಯ ಬುಧವಾರ ತೀರ್ಪಿತ್ತಿದೆ. ಒಟ್ಟು 6,000 ಕೋಟಿ ಯೂರೊ ಸಾಲ ಎತ್ತುವ ಅನುಮತಿ ಪಿಡುಗನ್ನು ಎದುರಿಸಲು ಬೇಕಾಗದೆ ಉಳಿದಿತ್ತು. ಮೂರು ಪಕ್ಷಗಳ ಮೈತ್ರಿ ಸರ್ಕಾರ ಅದನ್ನು “ಹವಾಮಾನ ಮತ್ತು ಪರಿವರ್ತನಾ ನಿಧಿ”ಗೆ ವರ್ಗಾಯಿಸಲು ನಿರ್ಧರಿಸಿತ್ತು. ಅಸಾಧಾರಣ ಸಂಕಟಕ್ಕೂ ಈ ಸಾಲಗಳಿಗೂ ಇರುವ ಸಂಬಂಧವನ್ನು ಶಾಸಕಾಂಗ ಸಾಕಷ್ಟು ವಿವರಿಸಿಲ್ಲ ಎಂಬುದು ನ್ಯಾಯಾಲಯ ಕೊಟ್ಟಿರುವ ಕಾರಣ.’

ಒಂದು ವಾಕ್ಯ ನಾಲ್ಕಾಯಿತು. ‘ಆಂಪೆಲ್’ ಹೋಯಿತು, ‘ಜರ್ಮನ್’ ಮತ್ತು ‘ಆ ದೇಶದ’ ಎಂಬ ಪದಗಳು ಹೊಸದಾಗಿ ಬಂದವು. ಮೂಲದ ಓದುಗನಿಗೆ ಯಾವ ದೇಶವೆಂದು ಹೇಳಬೇಕಿರಲಿಲ್ಲ, ನಮ್ಮವನಿಗೆ ಹೇಳಬೇಕು.

ಸಮಾನಪದವೇ ಇಲ್ಲದ ಪರಿಕಲ್ಪನೆಗಳು ಅನುವಾದಕನನ್ನು ಎಚ್ಚರವಾಗಿಡುತ್ತವೆ. ಸಮಾನಪದ ಇರುವಂತೆ ಕಾಣುವವೇ ಹೆಚ್ಚು ದಾರಿ ತಪ್ಪಿಸುತ್ತವೆ. ಆ ತೀರ್ಪಿನ ಮುಂದುವರಿಕೆಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಸಿಗುತ್ತದೆ. 2024ರ ನವೆಂಬರ್ 6ರಂದು ಚಾನ್ಸಲರ್ ಓಲಾಫ್ ಶೋಲ್ಟ್ಸ್ ತಮ್ಮ ಹಣಕಾಸು ಸಚಿವ ಕ್ರಿಸ್ಟಿಯಾನ್ ಲಿಂಡ್‌ನರ್ ಅವರನ್ನು ವಜಾ ಮಾಡಿದರು. ಡಿಸೆಂಬರ್ 16ರಂದು ಸಂಸತ್ತಿನ ಮುಂದೆ ‘ಫೆರ್‌ಟ್ರೌಎನ್ಸ್‌ಫ್ರಾಗೆ’ ಇಟ್ಟರು. ‘ಫೆರ್‌ಟ್ರೌಎನ್’ ವಿಶ್ವಾಸ, ‘ಫ್ರಾಗೆ’ ಪ್ರಶ್ನೆ. ಕನ್ನಡ ಪತ್ರಿಕೆಯ ಕೈ ತಾನಾಗಿ ‘ವಿಶ್ವಾಸಮತ ಯಾಚನೆ’ ಎಂದು ಬರೆಯುತ್ತದೆ. 207 ಮತ ಪರ, 394 ವಿರುದ್ಧ, 116 ಮಂದಿ ತಟಸ್ಥ. ಬೇಕಿದ್ದದ್ದು 367. ‘ವಿಶ್ವಾಸಮತ ಸೋತ ಶೋಲ್ಟ್ಸ್, ಸರ್ಕಾರ ಪತನ’ ಎಂಬ ಶೀರ್ಷಿಕೆ ಸಿದ್ಧ.

ಕರ್ನಾಟಕಕ್ಕೆ ವಿಶ್ವಾಸಮತ ಚೆನ್ನಾಗಿ ಗೊತ್ತು. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ 99–105ರಲ್ಲಿ ಸೋತರು, ಮೂರೇ ದಿನದಲ್ಲಿ ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾದರು. ಯಾಚಿಸುವವರು ಗೆಲ್ಲಲೆಂದು ಯಾಚಿಸುತ್ತಾರೆ, ಸೋತರೆ ಕುರ್ಚಿ ಬಿಡುತ್ತಾರೆ. ಶೋಲ್ಟ್ಸ್ ಕಥೆ ಹಾಗಲ್ಲ. ಜರ್ಮನಿಯಲ್ಲಿ ಸಂಸತ್ತು ತನ್ನನ್ನು ತಾನೇ ವಿಸರ್ಜಿಸಿಕೊಳ್ಳುವಂತಿಲ್ಲ, ಚಾನ್ಸಲರ್ ಕೂಡ ವಿಸರ್ಜಿಸುವಂತಿಲ್ಲ. ಸಂವಿಧಾನದ 68ನೇ ವಿಧಿಯಂತೆ ಚಾನ್ಸಲರ್ ಈ ಪ್ರಶ್ನೆ ಕೇಳಿ ಸೋತರೆ ಮಾತ್ರ, ಅವರ ಸಲಹೆಯ ಮೇರೆಗೆ 21 ದಿನಗಳೊಳಗೆ ಅಧ್ಯಕ್ಷರು ವಿಸರ್ಜಿಸಬಹುದು. ಶೋಲ್ಟ್ಸ್ ಸೋಲಬೇಕೆಂದೇ ಕೇಳಿದರು, ಚುನಾವಣೆಗೆ ಅದೇ ಬಾಗಿಲು. ಅಧ್ಯಕ್ಷ ಫ್ರಾಂಕ್-ವಾಲ್ಟರ್ ಷ್ಟೈನ್‌ಮಾಯರ್ ಡಿಸೆಂಬರ್ 27ರಂದು ಸಂಸತ್ತನ್ನು ವಿಸರ್ಜಿಸಿದರು, ಫೆಬ್ರುವರಿ 23ರಂದು ಚುನಾವಣೆ ನಡೆಯಿತು. ಶೋಲ್ಟ್ಸ್ ಮಾತ್ರ 2025ರ ಮೇ 6ರಂದು ಫ್ರೀಡ್ರಿಖ್ ಮೆರ್ಟ್ಸ್ ಆಯ್ಕೆಯಾಗುವವರೆಗೂ ಕುರ್ಚಿಯಲ್ಲೇ ಇದ್ದರು.

ಚಾನ್ಸಲರ್ ಅನ್ನು ಇಳಿಸಬೇಕೆಂದು ವಿರೋಧ ಪಕ್ಷಗಳಿಗೆ ಅನಿಸಿದರೆ ಅದಕ್ಕೆ ಇರುವುದು 67ನೇ ವಿಧಿ. ಅಲ್ಲಿ ಬರೀ ‘ಬೇಡ’ ಎಂದರೆ ನಡೆಯುವುದಿಲ್ಲ, ಬದಲಿಗೆ ಯಾರು ಎಂಬುದನ್ನೂ ಅದೇ ಮತದಾನದಲ್ಲಿ ಆರಿಸಬೇಕು. 1982ರ ಅಕ್ಟೋಬರ್ 1ರಂದು ಹೆಲ್ಮುಟ್ ಶ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದದ್ದು ಹೀಗೆ. ನಮ್ಮ ಭಾಷೆಯಲ್ಲಿ ಎರಡಕ್ಕೂ ವಿಶ್ವಾಸ, ಅವಿಶ್ವಾಸ ಎಂಬ ಪದಗಳಿವೆ, ಆದರೆ ಅವುಗಳ ಹಿಂದಿರುವ ಯಂತ್ರ ಬೇರೆ. ‘ವಿಶ್ವಾಸಮತ’ ಎಂಬ ಪದವನ್ನು ಉಳಿಸಿಕೊಂಡು ಪಕ್ಕದಲ್ಲೇ ಒಂದು ವಾಕ್ಯ ಸೇರಿಸುವುದೇ ಇಲ್ಲಿ ಸರಿಯಾದ ದಾರಿ: ‘ಅವಧಿಗೆ ಮುನ್ನ ಚುನಾವಣೆ ನಡೆಸಲು ಸಂವಿಧಾನದಲ್ಲಿರುವ ದಾರಿಯಂತೆ, ಸೋಲುವ ಉದ್ದೇಶದಿಂದಲೇ ಅವರು ವಿಶ್ವಾಸಮತ ಕೇಳಿದ್ದರು.’ ಶೀರ್ಷಿಕೆಯಲ್ಲಿ ‘ಪತನ’ದ ಬದಲು ‘ಜರ್ಮನಿ: ಚುನಾವಣೆಗೆ ದಾರಿ ತೆರೆದ ಮತದಾನ’ ಎಂದರೆ ಸುದ್ದಿ ಸುಳ್ಳಾಗುವುದಿಲ್ಲ.

ಚುನಾವಣೆ ಮುಗಿದ ಮೇಲೆ ಬಂದ ಇನ್ನೊಂದು ಪದ ಇದಕ್ಕಿಂತ ಕಠಿಣ. 2025ರ ಮಾರ್ಚ್ 18ರಂದು ಕೆಳಮನೆ, 21ರಂದು ರಾಜ್ಯಗಳ ಸದನ ಮೂರನೇ ಎರಡು ಬಹುಮತದಿಂದ ಸಂವಿಧಾನ ತಿದ್ದಿ, ಸಾಲದ ಕಡಿವಾಣದ ಹೊರಗೆ 500 ಮಿಲಿಯಾರ್ಡೆನ್ ಯೂರೊಗಳ ಒಂದು ‘ಸೋಂಡರ್‌ಫೆರ್‌ಮ್ಯೋಗನ್’ಗೆ ಅವಕಾಶ ಮಾಡಿದವು. ಅದರಲ್ಲಿ ಒಂದು ಐದನೇ ಪಾಲು ಹವಾಮಾನ ನಿಧಿಗೆ, ಇನ್ನೊಂದು ಐದನೇ ಪಾಲು ರಾಜ್ಯಗಳಿಗೆ. ‘ಸೋಂಡರ್’ ವಿಶೇಷ, ‘ಫೆರ್‌ಮ್ಯೋಗನ್’ ಸಂಪತ್ತು, ಆಸ್ತಿ. ವಿಶೇಷ ಸಂಪತ್ತು! ಅಲ್ಲಿರುವುದು ಪೂರ್ತಿ ಸಾಲ. ಟೀಕಾಕಾರರು ಜರ್ಮನ್ನಿನಲ್ಲೇ ಇದನ್ನು ‘ಸೋಂಡರ್‌ಶುಲ್ಡನ್’, ವಿಶೇಷ ಸಾಲ, ಎಂದು ಕರೆದದ್ದುಂಟು.

‘ವಿಶೇಷ ಸಂಪತ್ತು’ ಎಂದು ಅನುವಾದಿಸಿದರೆ ಓದುಗ ಜರ್ಮನಿಗೆ ಎಲ್ಲಿಂದಲೋ ಹಣ ಬಂತೆಂದುಕೊಳ್ಳುತ್ತಾನೆ. ‘ವಿಶೇಷ ನಿಧಿ’ ಎಂಬ ರೂಢಿಯ ಪದವೂ ಪೂರ್ತಿ ನಿರಪಾಯವಲ್ಲ, ‘ನಿಧಿ’ ಎಂದರೆ ಕೂಡಿಟ್ಟದ್ದು ಎಂದೇ ಕನ್ನಡದ ಕಿವಿಗೆ ಕೇಳುತ್ತದೆ. ಹಾಗೆಂದು ‘ವಿಶೇಷ ಸಾಲ’ ಎಂದು ಬರೆದರೆ ಅನುವಾದಕ ಟೀಕಾಕಾರರ ಪಕ್ಷ ವಹಿಸಿದಂತೆ. ಸರ್ಕಾರ ಇಟ್ಟ ಹೆಸರನ್ನು ಬದಲಿಸುವ ಹಕ್ಕು ಅನುವಾದಕನಿಗಿಲ್ಲ, ಅದರ ಒಳಗೇನಿದೆಯೆಂದು ಹೇಳುವ ಹೊಣೆ ಮಾತ್ರ ಇದೆ. ಆದ್ದರಿಂದ ಮೊದಲ ಸಲ ‘ಸಾಲದಿಂದ ಹಣ ಹೊಂದಿಸುವ 50,000 ಕೋಟಿ ಯೂರೊಗಳ ವಿಶೇಷ ನಿಧಿ’ ಎಂದು ಬಿಡಿಸಿ ಬರೆದು, ಮುಂದೆಲ್ಲ ‘ವಿಶೇಷ ನಿಧಿ’ ಎಂದಷ್ಟೇ ಬರೆಯುವುದು ನ್ಯಾಯ. ಟೀಕಾಕಾರರ ಮಾತು ಬಂದಾಗ ಅವರ ಬಾಯಲ್ಲೇ ‘ವಿಶೇಷ ಸಾಲ’ ಬರಲಿ, ‘ಎಂದು ಅವರು ಆಕ್ಷೇಪಿಸಿದ್ದಾರೆ’ ಎಂಬ ಬಾಲದೊಂದಿಗೆ.